ಹುಳುಕಡ್ಡಿಗೆ ಹಚ್ಚುವ ಮೂರು ಮದ್ದಿನ ಟ್ಯೂಬ್: ಬಿಡುವುದು ಹೇಗೆ, ಬದಲಿಗೆ ಏನು ಹಚ್ಚಬೇಕು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮೆಡಿಕಲ್ ಶಾಪುಗಳಲ್ಲಿ ಒಂದು ಮಾತು ದಿನಾ ಕೇಳಿಸುತ್ತದೆ. "ತುರಿಕೆಗೆ ಒಂದು ಟ್ಯೂಬ್ ಕೊಡಿ." ಕೆಲವರು ಮಾತೂ ಆಡುವುದಿಲ್ಲ. ಬುಡದಿಂದ ತುದಿಯವರೆಗೆ ಸುರುಳಿ ಸುತ್ತಿದ ಖಾಲಿ ಟ್ಯೂಬನ್ನು ಮೇಜಿನ ಮೇಲಿಟ್ಟು "ಇದೇ" ಅನ್ನುತ್ತಾರೆ. ನಾನು ಫಾರ್ಮಸಿಸ್ಟ್. ಆ ಟ್ಯೂಬನ್ನು ಬಿಡಿಸಿ ಓದಿದರೆ ಹೆಚ್ಚಿನ ಸಲ ಅದರಲ್ಲಿ ಮೂರು ಜಾತಿಯ ಮದ್ದು ಒಟ್ಟಿಗೆ ಇರುತ್ತದೆ. ಶಿಲೀಂಧ್ರ, ಅಂದರೆ ಫಂಗಸ್ ಕೊಲ್ಲುವುದು ಒಂದು, ಬ್ಯಾಕ್ಟೀರಿಯಾ ಕೊಲ್ಲುವುದು ಒಂದು, ಮತ್ತೊಂದು ಸ್ಟಿರಾಯ್ಡ್. ಹುಳುಕಡ್ಡಿಗೆ ಬೇಕಾದದ್ದು ಮೊದಲನೆಯದು ಮಾತ್ರ. ಉಳಿದೆರಡರಲ್ಲಿ ಒಂದು ದಂಡ, ಇನ್ನೊಂದು ರೋಗವನ್ನೇ ಬೆಳೆಸುತ್ತದೆ.

ಇಂಥ ಟ್ಯೂಬನ್ನು ಈಗಾಗಲೇ ಹಚ್ಚುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟ್ಯೂಬ್ ಓದಿ

ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಕೆಳಗೆ ಅಥವಾ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಮಕ್ಕಳ ಕೈಯಲ್ಲಿ ಮೊಬೈಲಿನಿಂದ ಫೋಟೋ ತೆಗೆಸಿ ದೊಡ್ಡದು ಮಾಡಿ ಓದಿಸಿಕೊಳ್ಳಬಹುದು. ಕ್ಲೋಬೆಟಾಸಾಲ್, ಹ್ಯಾಲೊಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೊಲೋನ್. ಇವುಗಳಲ್ಲಿ ಯಾವುದೇ ಒಂದು ಇದ್ದರೂ ಅದು ಸ್ಟಿರಾಯ್ಡ್ ಇರುವ ಕ್ರೀಮ್. ಹೆಸರಿನ ಬಾಲ ನೆನಪಿಟ್ಟರೆ ಸಾಕು: "ಸೋನ್", "ಲೋನ್", "ಬೆಟಾಸಾಲ್".

ನಿಯೊಮೈಸಿನ್, ಜೆಂಟಾಮೈಸಿನ್, ಒಫ್ಲೊಕ್ಸಾಸಿನ್ ಎಂದಿದ್ದರೆ ಅವು ಬ್ಯಾಕ್ಟೀರಿಯಾದ ಮದ್ದು. ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್, ಟರ್ಬಿನಫಿನ್ ಎಂದಿದ್ದರೆ ಫಂಗಸ್ಸಿನ ಮದ್ದು. ಇಲ್ಲಿ ಒಂದು ಕಡೆ ಎಡವುತ್ತಾರೆ. ಆರ್ನಿಡಜೋಲ್ ಕೂಡ "ಜೋಲ್" ಎಂದೇ ಮುಗಿಯುತ್ತದೆ, ಆದರೆ ಅದು ಫಂಗಸ್ಸಿಗೆ ಅಲ್ಲ. ಹುಳುಕಡ್ಡಿಗೆ ಅದರಿಂದ ಏನೂ ಆಗುವುದಿಲ್ಲ.

2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಹಚ್ಚುವ ಸ್ಟಿರಾಯ್ಡ್ ಮುಲಾಮುಗಳನ್ನೂ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಬೇಕಾದ ಮದ್ದು. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿವೆ. ನನ್ನ ಕಸುಬಿನವರೇ ಹೀಗೆ ಮಾಡುವುದು ನೋಡಿ ನನಗೆ ತುಂಬಾ ಬೇಸರವಾಗುತ್ತದೆ. ಯಾಕೆಂದರೆ ಅದರ ಫಲ ಏನೆಂದು ನಮಗೆ ಚೆನ್ನಾಗಿ ಗೊತ್ತು.

ತುರಿಕೆ ನಿಂತಿತಲ್ಲ, ಮತ್ತೆ ತೊಂದರೆ ಏನು?

ಎಲ್ಲರೂ ಕೇಳುವ ಪ್ರಶ್ನೆ ಇದೇ. "ಹಚ್ಚಿದ ಎರಡೇ ದಿನಕ್ಕೆ ತುರಿಕೆ ಹೋಯ್ತು, ಇದಕ್ಕಿಂತ ಒಳ್ಳೆ ಮದ್ದು ಯಾವುದುಂಟು?"

ಹುಳುಕಡ್ಡಿಯ ಫಂಗಸ್ ಚರ್ಮದ ಮೇಲ್ಪದರದಲ್ಲಿ ಬದುಕುತ್ತದೆ. ಅದು ಅಲ್ಲಿರುವುದು ದೇಹಕ್ಕೆ ಗೊತ್ತಾದ ಕೂಡಲೇ ಹೊರಗಟ್ಟುವ ಕೆಲಸ ಶುರುವಾಗುತ್ತದೆ. ನಮಗೆ ಕಾಣುವ ಕೆಂಪು, ಉಬ್ಬು, ತುರಿಕೆ ಎಲ್ಲ ಆ ಹೋರಾಟದ್ದೇ. ಉಂಗುರದ ಅಂಚು ಕೆಂಪಗೆ ಎದ್ದು ನಡುಭಾಗ ತಿಳಿಯಾಗಿರುವುದೂ ಇದಕ್ಕೇ. ನಡುವಿನಲ್ಲಿ ಫಂಗಸ್ ಕಡಿಮೆಯಾಗಿದೆ, ಅಂಚಿನಲ್ಲಿ ಇನ್ನೂ ಮುಂದೆ ಹೋಗುತ್ತಿದೆ. ಸ್ಟಿರಾಯ್ಡ್ ಈ ಹೋರಾಟವನ್ನೇ ನಿಲ್ಲಿಸುತ್ತದೆ. ಕೆಂಪು ಇಳಿಯುತ್ತದೆ, ತುರಿಕೆ ಹೋಗುತ್ತದೆ. ಫಂಗಸ್ ಮಾತ್ರ ಇದ್ದಲ್ಲೇ ಇರುತ್ತದೆ, ತಡೆಯುವವರಿಲ್ಲದೆ ಆರಾಮವಾಗಿ ಹರಡುತ್ತದೆ. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ.

ಅದೇ ಟ್ಯೂಬಿನಲ್ಲಿ ಫಂಗಸ್ಸಿನ ಮದ್ದೂ ಇದೆಯಲ್ಲ, ಅದು ಕೊಲ್ಲುವುದಿಲ್ಲವೇ ಅನ್ನಬಹುದು. ಅದಕ್ಕೆ ವಾರಗಟ್ಟಲೆ ಸಮಯ ಬೇಕು. ಸ್ಟಿರಾಯ್ಡ್ ಎರಡು ದಿನದಲ್ಲಿ ತುರಿಕೆ ತೆಗೆದುಬಿಡುತ್ತದೆ. ತುರಿಕೆ ಹೋದ ಮೇಲೆ ಯಾರು ಹಚ್ಚುತ್ತಾರೆ? ಐದನೇ ದಿನಕ್ಕೆ ಟ್ಯೂಬ್ ಕಪಾಟಿಗೆ ಹೋಗುತ್ತದೆ. ಫಂಗಸ್ಸಿಗೆ ಅರೆಬರೆ ಮದ್ದು ಬಿದ್ದಿರುತ್ತದೆ, ಸಾಯುವಷ್ಟು ಅಲ್ಲ. ಹತ್ತು ದಿನ ಬಿಟ್ಟು ತುರಿಕೆ ಮತ್ತೆ ಬರುತ್ತದೆ, ಈ ಸಲ ಜಾಸ್ತಿ ಜಾಗದಲ್ಲಿ. ಅದೇ ಟ್ಯೂಬ್ ಮತ್ತೆ ಹೊರಗೆ ಬರುತ್ತದೆ.

ಹೀಗೆ ತಿಂಗಳುಗಟ್ಟಲೆ ಹಚ್ಚಿದ ಚರ್ಮದ ಗುರುತೇ ಬೇರೆ. ಉಂಗುರದ ಅಂಚು ಅಳಿಸಿದಂತಾಗಿ, ನೋಡಿದರೆ ಹುಳುಕಡ್ಡಿ ಅಂತಲೇ ಅನ್ನಿಸುವುದಿಲ್ಲ. ಇಲ್ಲವೇ ಒಂದು ಉಂಗುರದ ಒಳಗೆ ಇನ್ನೊಂದು ಉಂಗುರ ಏಳುತ್ತದೆ. ಒಂದರೊಳಗೆ ಒಂದು ಉಂಗುರ ಕಂಡರೆ "ಯಾವ ಕ್ರೀಮ್ ಹಚ್ಚುತ್ತಿದ್ದೀರಿ?" ಎಂದು ಮೊದಲು ಕೇಳಬೇಕು. ತೊಡೆಸಂದಿಯ ಚರ್ಮ ತೆಳ್ಳಗಿರುವುದರಿಂದ ಸ್ಟಿರಾಯ್ಡನ್ನು ಜಾಸ್ತಿ ಹೀರುತ್ತದೆ. ಬಸುರಿಯರ ಹೊಟ್ಟೆಯಲ್ಲಿ ಬೀಳುವಂಥ ಬಿರುಕುಗೆರೆ ಗಂಡಸರ ತೊಡೆಯಲ್ಲಿ ಬೀಳುತ್ತದೆ. ಮೊದಲು ನೇರಳೆ, ಆಮೇಲೆ ಬಿಳಿ. ಆ ಗೆರೆ ಮತ್ತೆ ಹೋಗುವುದಿಲ್ಲ. ಕ್ಲೋಬೆಟಾಸಾಲ್ ಹಚ್ಚುವ ಸ್ಟಿರಾಯ್ಡುಗಳಲ್ಲೇ ಅತಿ ಬಲದ್ದು. ಅದು ನಿಜವಾಗಿ ಬೇಕಾದ ಕಾಯಿಲೆಗೂ ಸಾಮಾನ್ಯವಾಗಿ ಎರಡು ವಾರಕ್ಕಿಂತ ಜಾಸ್ತಿ ಒಟ್ಟಿಗೆ ಹಚ್ಚಬಾರದು. ತೊಡೆಸಂದಿ, ಕಂಕುಳು, ಮುಖ ಅದರ ಜಾಗವೇ ಅಲ್ಲ.

ಬ್ಯಾಕ್ಟೀರಿಯಾದ ಮದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಳುಕಡ್ಡಿ ಬ್ಯಾಕ್ಟೀರಿಯಾದಿಂದ ಬರುವುದಲ್ಲ. ಸುಮ್ನೆ ಹಚ್ಚಿದರೆ ಮುಂದೆ ನಿಜವಾಗಿ ಕೀವು ಆದಾಗ ಆ ಮದ್ದು ಹಿಡಿಯದೆ ಹೋಗಬಹುದು. ನಿಯೊಮೈಸಿನ್‌ನಿಂದ ಅಲರ್ಜಿಯಾಗಿ ಅದೇ ಹೊಸ ತುರಿಕೆಗೆ ಕಾರಣವಾಗುವುದೂ ಉಂಟು.

ಈಗ ಫಂಗಸ್ಸೂ ಹಳೆಯದಲ್ಲ. ನಮ್ಮ ದೇಶದಲ್ಲಿ ಈಗ ಹೆಚ್ಚಾಗಿ ಹರಡುತ್ತಿರುವ ಜಾತಿಗೆ 2020ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಒಂದು ಕಾಲದಲ್ಲಿ ಎರಡು ವಾರದ ಟರ್ಬಿನಫಿನ್‌ಗೆ ಬಗ್ಗುತ್ತಿದ್ದ ರೋಗ ಈಗ ಹಲವರಲ್ಲಿ ಬಗ್ಗುವುದಿಲ್ಲ. ಹಾಗಾಗಿ "ಹಿಂದಿನ ಸಲ ಇದರಲ್ಲೇ ಹೋಗಿತ್ತು" ಎಂಬ ಲೆಕ್ಕ ಈ ಸಲ ತಪ್ಪಬಹುದು.

ನಿಲ್ಲಿಸುವುದು

ಕೈಯಗಲದ ಒಂದೆರಡು ಕಡೆ ಮಾತ್ರ, ಕೆಲವು ದಿನ ಹಚ್ಚಿದವರು ಇವತ್ತೇ ಬಿಡಬಹುದು. ತಿಂಗಳುಗಟ್ಟಲೆ ಹಚ್ಚಿದವರು, ಮುಖಕ್ಕೆ ಹಚ್ಚಿದವರು, ಮೈಯ ದೊಡ್ಡ ಭಾಗಕ್ಕೆ ಹಚ್ಚಿದವರು, ಮಕ್ಕಳಿಗೆ ಹಚ್ಚಿದವರು ಮೊದಲು ಡಾಕ್ಟರಿಗೆ ತೋರಿಸಿ. ತುರಿಕೆಗೆಂದು ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಉದಾಹರಣೆಗೆ ಪ್ರೆಡ್ನಿಸೊಲೋನ್, ಅದನ್ನು ನೀವಾಗಿ ತಟ್ಟನೆ ನಿಲ್ಲಿಸಲೇಬೇಡಿ. ದೇಹ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡ್ ಆಗ ನಿಂತುಹೋಗಿರುತ್ತದೆ. ಹಠಾತ್ತನೆ ಬಿಟ್ಟರೆ ಜೀವಕ್ಕೇ ಅಪಾಯ.

ಬಿಟ್ಟ ಮೇಲೆ ಏನಾಗುತ್ತದೆ ಎಂದು ಮೊದಲೇ ತಿಳಿದಿರಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಮೊದಲ ಒಂದೆರಡು ವಾರ ಕೆಂಪು ಜಾಸ್ತಿಯಾಗುತ್ತದೆ, ತುರಿಕೆ ಮೊದಲಿಗಿಂತ ಜೋರಾಗುತ್ತದೆ, ಅಲ್ಲಿಯವರೆಗೆ ಕಾಣದ ಜಾಗದಲ್ಲೂ ಉಂಗುರ ಮೂಡುತ್ತದೆ. ಹೊಸ ಮದ್ದು ಆಗಿಬರಲಿಲ್ಲ ಎಂದುಕೊಂಡು ಹಳೆಯ ಟ್ಯೂಬ್ ಹುಡುಕುತ್ತಾರೆ. ಅದು ಹೊಸ ಮದ್ದಿನ ದೋಷವಲ್ಲ. ಸ್ಟಿರಾಯ್ಡ್ ಮುಚ್ಚಿಟ್ಟಿದ್ದು ಈಗ ಹೊರಗೆ ಕಾಣುತ್ತಿದೆ, ಅಷ್ಟೇ.

ಆ ದಿನಗಳಲ್ಲಿ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಇಟ್ಟು, ಆಮೇಲೆ ಪೂರ್ತಿ ಒರೆಸಿ ಒಣಗಿಸಿ. ರಾತ್ರಿ ನಿದ್ದೆ ಕೆಡುವಷ್ಟು ತುರಿಕೆಯಿದ್ದರೆ ಸೆಟಿರಿಜಿನ್‌ನಂಥ ಮಾತ್ರೆಯ ಬಗ್ಗೆ ಡಾಕ್ಟರಲ್ಲಿ ಕೇಳಿ. ಅದು ರೋಗ ಗುಣ ಮಾಡುವುದಿಲ್ಲ, ತುರಿಕೆ ಮಾತ್ರ ತಗ್ಗಿಸುತ್ತದೆ. ಮಂಪರು ಬರುತ್ತದೆ. ಬೆಳಿಗ್ಗೆಯೂ ಮಂಪರು ಉಳಿದಿದ್ದರೆ ಬೈಕ್ ಓಡಿಸಬೇಡಿ, ಮದ್ದು ಬಿಡಲು ಅಡಿಕೆ ಮರ ಹತ್ತಬೇಡಿ. ಬಿಸಿನೀರು ಸುರಿದುಕೊಂಡರೆ ಆ ಹೊತ್ತಿಗೆ ಹಿತವಾಗಬಹುದು, ಆಮೇಲೆ ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ. ಸೀಮೆಎಣ್ಣೆ, ಸುಣ್ಣ, ಜಜ್ಜಿದ ಬೆಳ್ಳುಳ್ಳಿ ಹಚ್ಚಿ ತೊಡೆ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಚರ್ಮ ಮೊದಲೇ ತೆಳ್ಳಗಾಗಿದೆ, ದಯವಿಟ್ಟು ಬೇಡ.

ಬದಲಿಗೆ ಏನು, ಎಷ್ಟು

ಮೈಯಲ್ಲಿ ಒಂದೆರಡು ಕಡೆ ಮಾತ್ರ ಇದ್ದರೆ, ಸ್ಟಿರಾಯ್ಡ್ ತಾಗದೆ ಇದ್ದರೆ ಹಚ್ಚುವ ಮದ್ದೇ ಸಾಕಾಗಬಹುದು. ಟ್ಯೂಬಿನಲ್ಲಿ ಒಂದೇ ಮದ್ದಿರಬೇಕು. ಕ್ಲೋಟ್ರಿಮಜೋಲ್ ಶೇ. 1, ಮೈಕೊನಜೋಲ್ ಶೇ. 2, ಕೀಟೊಕೊನಜೋಲ್ ಶೇ. 2 ಅಥವಾ ಲುಲಿಕೊನಜೋಲ್ ಶೇ. 1. ಲುಲಿಕೊನಜೋಲ್ ದಿನಕ್ಕೆ ಒಂದು ಸಲ, ಕ್ಲೋಟ್ರಿಮಜೋಲ್ ಮತ್ತು ಮೈಕೊನಜೋಲ್ ಎರಡು ಸಲ. ಕೀಟೊಕೊನಜೋಲನ್ನು ಡಾಕ್ಟರು ಹೇಳಿದಂತೆ ಒಂದು ಅಥವಾ ಎರಡು ಸಲ. ಕ್ಲೋಟ್ರಿಮಜೋಲ್ ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಂಗಡಿಯವರಿಗೆ ಕನ್ನಡ ಬಾರದಿದ್ದರೆ ಮಲಯಾಳದಲ್ಲಿ "ಸ್ಟಿರಾಯ್ಡ್ ಇಲ್ಲಾತ್ತ ಕ್ರೀಮ್ ಮದಿ" ಎಂದರೆ ಸಾಕು.

ಹಚ್ಚುವ ರೀತಿಯಲ್ಲಿ ಎಷ್ಟೋ ಜನ ತಪ್ಪುತ್ತಾರೆ. ಕೆಂಪು ಕಂಡಲ್ಲಿ ಮಾತ್ರ ಬಟಾಣಿ ಗಾತ್ರ ಹಚ್ಚಿ ಬಿಡುತ್ತಾರೆ. ಫಂಗಸ್ ಕಣ್ಣಿಗೆ ಕಾಣುವ ಅಂಚಿಗಿಂತ ಆಚೆ ಹೋಗಿರುತ್ತದೆ. ಅದಕ್ಕೇ ಅಂಚು ದಾಟಿ ಸುತ್ತಲೂ ಎರಡು ಸೆಂಟಿಮೀಟರ್, ಅಂದರೆ ಸುಮಾರು ಒಂದು ಬೆರಳಗಲ, ಚೆನ್ನಾಗಿರುವ ಚರ್ಮಕ್ಕೂ ಹಚ್ಚಬೇಕು. ಹೊರಗಿನಿಂದ ಶುರುಮಾಡಿ ಒಳಗೆ ಬನ್ನಿ.

ಎಷ್ಟು ಬೇಕು ಎಂಬುದಕ್ಕೆ ಒಂದು ಅಳತೆ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಕ್ರೀಮ್ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಈಗ ಎರಡೂ ತೊಡೆಸಂದಿಯಲ್ಲಿ ಒಂದೊಂದು ಅಂಗೈಯಗಲ ಹುಳುಕಡ್ಡಿ ಇದೆ ಅಂದುಕೊಳ್ಳಿ. ಸುತ್ತಲಿನ ಜಾಗ ಸೇರಿಸಿದರೆ ಒಂದೊಂದು ಬದಿಗೆ ಎರಡು ಅಂಗೈ, ಒಟ್ಟು ನಾಲ್ಕು. ಒಂದು ಸಲಕ್ಕೆ ಒಂದು ಗ್ರಾಂ, ದಿನಕ್ಕೆ ಎರಡು. 15 ಗ್ರಾಮಿನ ಟ್ಯೂಬ್ ಒಂದು ವಾರಕ್ಕೆ ಮುಗಿಯಬೇಕು. ನಾಲ್ಕು ವಾರಕ್ಕೆ ನಾಲ್ಕು ಟ್ಯೂಬ್. ನಿಮ್ಮ ಟ್ಯೂಬ್ ತಿಂಗಳು ಬಂದರೆ ನೀವು ಹಚ್ಚಿದ್ದು ಕಾಲುಭಾಗ ಮಾತ್ರ.

ತುರಿಕೆ ಹೋದ ದಿನ ನಿಲ್ಲಿಸಬೇಡಿ. ಉಬ್ಬು, ಹೊಟ್ಟು ಎಲ್ಲ ಹೋಗಿ ಚರ್ಮ ನುಣುಪಾದ ಮೇಲೂ ಎರಡು ವಾರ ಮುಂದುವರಿಸಿ. ಎರಡು ವಾರ ಸರಿಯಾಗಿ ಹಚ್ಚಿದರೂ ಅಂಚು ಮುಂದೆ ಹೋಗುತ್ತಿದ್ದರೆ ಕ್ರೀಮ್ ಬದಲಿಸುತ್ತಾ ಕೂರುವುದಲ್ಲ, ಡಾಕ್ಟರಿಗೆ ತೋರಿಸಬೇಕು.

ಮಾತ್ರೆ ಬೇಕಾದವರು

ಮೈಯ ಹಲವು ಕಡೆ ಇದ್ದರೆ, ಸ್ಟಿರಾಯ್ಡ್ ಹಚ್ಚಿ ಹರಡಿದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ, ತಲೆಯಲ್ಲಿ ಅಥವಾ ಉಗುರಿನಲ್ಲಿದ್ದರೆ ಹಚ್ಚುವ ಮದ್ದು ಒಂದೇ ಸಾಕಾಗುವುದಿಲ್ಲ. ಮಕ್ಕಳ ತಲೆಯ ಹುಳುಕಡ್ಡಿಗಂತೂ ಮಾತ್ರೆ ಬೇಕೇ ಬೇಕು. ಕೂದಲಿನ ಬುಡಕ್ಕೆ ಕ್ರೀಮ್ ಇಳಿಯುವುದಿಲ್ಲ.

ನಮ್ಮ ಕಡೆಯ ಒಬ್ಬರ ವಿಷಯ ಹೇಳುತ್ತೇನೆ. ಅಡಿಕೆ ತೋಟದ ಕೆಲಸದವರು, ನಲವತ್ತರ ಆಸುಪಾಸು. ಜೂನ್‌ನಲ್ಲಿ ಬಲತೊಡೆಯಲ್ಲಿ ಎಂಟಾಣೆ ಅಗಲದ ಒಂದು ಉಂಗುರ. ಪೇಟೆಯ ಯಾವುದೋ ಅಂಗಡಿಯಿಂದ ತಂದ ಟ್ಯೂಬಿನಲ್ಲಿ ಕ್ಲೋಬೆಟಾಸಾಲ್, ನಿಯೊಮೈಸಿನ್, ಮೈಕೊನಜೋಲ್ ಇತ್ತು. ಮೂರು ದಿನಕ್ಕೆ ಹಾಯೆನಿಸಿತು. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸದಲ್ಲಿ ದಿನವಿಡೀ ಒದ್ದೆ ಚಡ್ಡಿ. ಉಂಗುರ ಮತ್ತೆ ಬಂತು, ಮತ್ತೆ ಹಚ್ಚಿದರು. ಓಣಂ ಹೊತ್ತಿಗೆ ಎರಡೂ ತೊಡೆ, ಸೊಂಟ, ಹೊಟ್ಟೆ. ಹೆಂಡತಿಗೆ ಸೊಂಟದಲ್ಲಿ, ಮಗಳಿಗೆ ಕತ್ತಿನಲ್ಲಿ. ಅಂಗಿ ಎತ್ತಿ ತೋರಿಸಿದಾಗ ಹೊಟ್ಟೆಯ ಮೇಲೆ ಒಂದರೊಳಗೊಂದು ಎರಡು ಉಂಗುರ, ಸೊಂಟದಲ್ಲಿ ಉಡಿದಾರ ಕೂರುವ ಸಾಲಿನಲ್ಲೇ ಕಪ್ಪು ಪಟ್ಟಿ. ಟ್ಯೂಬ್ ಕೊಡಲಿಲ್ಲ, ಚರ್ಮದ ಡಾಕ್ಟರಲ್ಲಿಗೆ ಕಳಿಸಿದೆ. "ಹಳೆ ಟ್ಯೂಬನ್ನೂ ಹಿಡಿದುಕೊಂಡು ಹೋಗಿ" ಎಂದೆ.

ಡಾಕ್ಟರು ಉಂಗುರದ ಅಂಚಿನಿಂದ ಬ್ಲೇಡಿನಲ್ಲಿ ಸ್ವಲ್ಪ ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಫಂಗಸ್ಸಿನ ಎಳೆಗಳು ಕಂಡವು. ನೋವಿಲ್ಲದ, ಬೇಗ ಮುಗಿಯುವ ಪರೀಕ್ಷೆ ಇದು. ಆಮೇಲೆ ಇಟ್ರಾಕೊನಜೋಲ್ ಕ್ಯಾಪ್ಸೂಲ್, ಹಚ್ಚಲು ಲುಲಿಕೊನಜೋಲ್ ಬರೆದರು. ರಕ್ತದಲ್ಲಿ ಸಕ್ಕರೆ ಮತ್ತು ಲಿವರ್ ಪರೀಕ್ಷೆ ಮಾಡಿಸಿದರು. ಹೆಂಡತಿ, ಮಗಳಿಗೂ ಅವತ್ತೇ ಚಿಕಿತ್ಸೆ ಶುರುವಾಯಿತು.

ಎರಡನೇ ವಾರ ಅವರು ನನ್ನಲ್ಲಿಗೆ ಬಂದು "ಏನೂ ಕಡಿಮೆ ಇಲ್ಲ ಮಾರಾಯ್ರೆ, ಹಳೇದೇ ಕೊಡಿ" ಎಂದರು. ಮಾತಾಡುತ್ತಾ ಗೊತ್ತಾಯಿತು, ಕ್ಯಾಪ್ಸೂಲನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದರು. ಅದರ ಜೊತೆಗೇ ಗ್ಯಾಸಿನ ಮಾತ್ರೆ. ಸಾಮಾನ್ಯ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಬೇಕಾದರೆ ಹೊಟ್ಟೆಯಲ್ಲಿ ಹುಳಿ ಬೇಕು, ಊಟ ಬೇಕು. ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್ ಆ ಹುಳಿಯನ್ನೇ ತಗ್ಗಿಸುತ್ತವೆ. ಕ್ಯಾಪ್ಸೂಲ್ ಹೊಟ್ಟೆಗೆ ಹೋದರೂ ಮದ್ದು ರಕ್ತಕ್ಕೆ ಸರಿಯಾಗಿ ಸೇರಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದರು. ಗ್ಯಾಸಿನ ಮಾತ್ರೆ ನಿಲ್ಲಿಸಲು, ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ನುಂಗಲು ಹೇಳಿದರು. ಮತ್ತೆ ಇಳಿಯತೊಡಗಿತು. ಪೂರ್ತಿ ಹೋಗಲು ಸುಮಾರು ಎರಡು ತಿಂಗಳು ಬೇಕಾಯಿತು. ತೊಡೆಯ ಬಿಳಿ ಗೆರೆಗಳು ಇನ್ನೂ ಇವೆ.

ಇಟ್ರಾಕೊನಜೋಲ್ ಕೂಡ ಚೀಟಿಯಿಲ್ಲದೆ ತೆಗೆದುಕೊಳ್ಳುವ ಮಾತ್ರೆಯಲ್ಲ. ಹೃದಯ ದುರ್ಬಲ ಇರುವವರು, ಲಿವರ್ ತೊಂದರೆ ಇರುವವರು, ಬಸುರಿಯರು, ಹಾಲುಣಿಸುವವರು ಅದನ್ನು ಮೊದಲೇ ಹೇಳಬೇಕು. ಕೊಲೆಸ್ಟರಾಲ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಆ ಮಾತ್ರೆಗಳನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಕೆಲವು ಇದರ ಜೊತೆ ಸೇರಬಾರದು. ಮಾತ್ರೆ ತಿನ್ನುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಾಲು ಊದಿದರೆ, ಉಸಿರಾಟ ಕಷ್ಟವಾದರೆ ನಿಲ್ಲಿಸಿ ಕೂಡಲೇ ತೋರಿಸಿ.

ದುಂಡಗಿರುವುದೆಲ್ಲ ಹುಳುಕಡ್ಡಿಯೂ ಅಲ್ಲ. ಎಕ್ಸಿಮಾ, ಸೋರಿಯಾಸಿಸ್ ಕೂಡ ದುಂಡಗೆ ಬರುತ್ತವೆ. ಅವುಗಳಿಗೆ ಸ್ಟಿರಾಯ್ಡ್ ನಿಜವಾದ ಮದ್ದೇ, ಆದರೆ ನೋಡಿದ ಡಾಕ್ಟರು ಹೇಳಿದಷ್ಟು ಮಾತ್ರ. ಮಸುಕು ಬಣ್ಣದ ಕಲೆಯಿದ್ದು ಅಲ್ಲಿ ತುರಿಕೆಯೂ ಇಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ ಎಂದಾದರೆ ಯಾವ ಕ್ರೀಮನ್ನೂ ಹಚ್ಚದೆ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದು ಕುಷ್ಠವಿರಬಹುದು. ಅದರ ಚಿಕಿತ್ಸೆ ಉಚಿತ, ಬೇಗ ಶುರುಮಾಡಿದರೆ ಪೂರ್ತಿ ಗುಣವಾಗುತ್ತದೆ.

ಮನೆಯಲ್ಲಿ

ಮನೆಯಲ್ಲಿ ಯಾರಿಗೆಲ್ಲ ಇದೆಯೋ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಒಬ್ಬರು ಗುಣವಾಗುವಷ್ಟರಲ್ಲಿ ಇನ್ನೊಬ್ಬರಿಂದ ಮತ್ತೆ ಹತ್ತುತ್ತದೆ. ಬೈರಾಸು, ಸೋಪು, ಬಾಚಣಿಗೆ, ಹೊದಿಕೆ ಒಬ್ಬೊಬ್ಬರದು ಬೇರೆ ಇರಲಿ. ರೋಗ ಇರುವವರ ಒಳಬಟ್ಟೆ, ಲುಂಗಿಗಳನ್ನು ಬೇರೆಯಾಗಿ, ಬಚ್ಚಲ ಹಂಡೆಯ ಕೈ ಸುಡುವಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ. ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿ? ಆಗ ಇಸ್ತ್ರಿ ಹಾಕಿ, ಹೊಲಿಗೆಯ ಸಾಲಿನ ಮೇಲೆ ಒತ್ತಿ. ಅರೆ ಒಣಗಿದ ಚಡ್ಡಿ ಹಾಕಿಕೊಳ್ಳುವುದಕ್ಕಿಂತ ಇನ್ನೆರಡು ಜೊತೆ ಕೊಳ್ಳುವುದು ಒಳ್ಳೆಯದು.

ತೋಟದಿಂದ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಸ್ನಾನ ಮಾಡಿ, ಸಂದಿಗಳನ್ನು ಒರೆಸಿ ಒಣಗಿಸಿದ ಮೇಲೆ ಕ್ರೀಮ್ ಹಚ್ಚಿ. ಬಿಗಿ ಜೀನ್ಸ್, ಲೆಗ್ಗಿಂಗ್ಸ್ ಗುಣವಾಗುವವರೆಗೆ ಬೇಡ. ನೂಲಿನ ಉಡಿದಾರ ಸದಾ ಒದ್ದೆಯಾಗಿರುತ್ತದೆ, ಫಂಗಸ್ ಅದರಲ್ಲೂ ಉಳಿಯುತ್ತದೆ. ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡಿ, ಆಮೇಲೆ ಹೊಸದು ಕಟ್ಟಿಕೊಳ್ಳಿ.

ಕಪಾಟಿನಲ್ಲಿ ಉಳಿದ ಅರ್ಧ ಟ್ಯೂಬನ್ನು ಬಿಸಾಡಿ. ಇಟ್ಟರೆ ಯಾರೋ ಒಂದು ದಿನ ಮಗುವಿನ ಸಂದಿಯ ಕೆಂಪಿಗೆ ಹಚ್ಚುತ್ತಾರೆ.

ಗುಣವಾದ ಮೇಲೆ ಆ ಜಾಗ ಕೆಲವು ತಿಂಗಳು ಕಂದು ಅಥವಾ ಕಪ್ಪಾಗಿ ಕಾಣುತ್ತದೆ. ಉಬ್ಬು, ಹೊಟ್ಟು, ತುರಿಕೆ ಇಲ್ಲದಿದ್ದರೆ ಅದು ರೋಗವಲ್ಲ, ಬರೀ ಕಲೆ. ತಾನಾಗಿ ತಿಳಿಯಾಗುತ್ತದೆ. ಅದನ್ನು ಬಿಳಿ ಮಾಡಲು ಬಣ್ಣದ ಕ್ರೀಮ್ ಕೊಳ್ಳುವ ಮೊದಲು ಅದರ ಹಿಂಬದಿಯನ್ನೂ ಓದಿ. ಅಂಥ ಹಲವು ಟ್ಯೂಬುಗಳಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಜೊತೆ ಮೊಮೆಟಾಸೋನ್ ಕೂಡ ಇರುತ್ತದೆ.